ಎಂಜಿನ್ ರೂಮಿನ ಬೆಂಕಿ, ಸಿಓಟು, ಮತ್ತೆ ಆ ಶೇ. 40ರ ಲೆಕ್ಕ

ಹಡಗಿನ ಎಂಜಿನಿಯರ್ ಆಗಲು ಬರೆಯುವ ಕ್ಲಾಸ್ ಫೋರ್ ಪರೀಕ್ಷೆಯ ಓರಲ್ಸ್‌ಗೆ ಓದುವಾಗ ಎರಡು ದಿನ ತಿಂದ ವಿಷಯ ಇದು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಬೆಂಕಿ ಹಬ್ಬುವ ಕಾರಣ ಸುಲಭ. ಇಂಧನ ಪೈಪಿನ ಜಾಯಿಂಟ್ ಬಿಟ್ಟರೆ ಡೀಸೆಲ್ ತೊಟ್ಟಿಕ್ಕುವುದಿಲ್ಲ, ಒತ್ತಡಕ್ಕೆ ಮಂಜಿನಂತೆ ಚಿಮ್ಮುತ್ತದೆ. ಪಕ್ಕದಲ್ಲೇ ಎಕ್ಸಾಸ್ಟ್ ಪೈಪ್. 220 ಡಿಗ್ರಿ ದಾಟುವ ಮೈಯನ್ನೆಲ್ಲ ಶಾಖ ತಡೆಯುವ ಲ್ಯಾಗಿಂಗ್ ಹೊದಿಕೆಯಿಂದ ಮುಚ್ಚಬೇಕೆಂಬ ನಿಯಮವಿದೆ. ರಿಪೇರಿಗೆ ಬಿಚ್ಚಿದ್ದನ್ನು ಸರಿಯಾಗಿ ಸುತ್ತದೆ ಬಿಟ್ಟ ಅಂಗೈಯಗಲ ಜಾಗವೇ ಸಾಕು, ಕಿಡಿಯೂ ಬೇಡ. ಹೊತ್ತಿಕೊಂಡ ಮೇಲೆ ಚಿಮಣಿಯ ಕಡೆಗೆ ಏರುವ ಬಿಸಿಗಾಳಿ ಕೆಳಗಿನಿಂದ ಹೊಸ ಗಾಳಿಯನ್ನು ಎಳೆಯುತ್ತದೆ. ಒಲೆಗೆ ಊದುಕೊಳವೆ ಹಿಡಿದ ಹಾಗೆ.

ಈಗ ನಾನು ಎಡವಿದ ಜಾಗ. ಇಂಥ ಬೆಂಕಿ ಆರಿಸಲು ರೂಮಿಗೆ ಸಿಓಟು, ಅಂದರೆ ಇಂಗಾಲದ ಡೈಆಕ್ಸೈಡ್ ಅನಿಲ, ತುಂಬುತ್ತಾರೆ. ರೂಮಿನ ಒಟ್ಟು ಗಾತ್ರದ ಶೇ. 40ರಷ್ಟು ಬೇಕು (ಚಿಮಣಿಯ ಕಡೆ ಕಿರಿದಾಗುವ ಮೇಲಿನ ಕೇಸಿಂಗ್ ಬಿಟ್ಟು ಲೆಕ್ಕ ಹಾಕಿದರೆ). ರೂಮು 4000 ಘನ ಮೀಟರ್ ಎನ್ನಿ. 1600 ಘನ ಮೀಟರ್ ಅನಿಲ ಬೇಕು. ಒಂದು ಕಿಲೋಗೆ 0.56 ಘನ ಮೀಟರ್, ಅಂದರೆ ಸುಮಾರು 2857 ಕಿಲೋ. 45 ಕಿಲೋ ಬಾಟಲಿಗಳಾದರೆ 64.

ಹಾಗಾದರೆ ಒಳಗಿನ ಗಾಳಿಯಲ್ಲಿ ಶೇ. 40 ಸಿಓಟು ಇರುತ್ತದೆ ಎಂದುಕೊಂಡಿದ್ದೆ. ತಪ್ಪು! ಅನಿಲ ನುಗ್ಗುವಾಗ ಒತ್ತಡ ಏರಿ, ಸಂದಿಗೊಂದಿಗಳಿಂದ ಗಾಳಿ ಹೊರಗೆ ಹೋಗುತ್ತದೆ, ಅದರ ಜೊತೆ ಒಂದಿಷ್ಟು ಸಿಓಟು ಕೂಡ. ಪೂರ್ತಿ ಬೆರೆತ ಮೇಲೆ ಹೊರಹೋಯಿತು ಎಂದು ಎಣಿಸಿದರೆ 1600 ಭಾಗಿಸು 5600, ಶೇ. 29ಕ್ಕೆ ತುಸು ಕಡಿಮೆ. ಬೆರೆಯುತ್ತಲೇ ಹೋಯಿತು ಎಂದರೆ ಶೇ. 33. ಆಮ್ಲಜನಕ 21ರಿಂದ 14–15ಕ್ಕೆ ಇಳಿಯುತ್ತದೆ. ಎಣ್ಣೆಯ ಜ್ವಾಲೆ ನಂದುವ ಗಡಿಯೂ ಸರಿಸುಮಾರು ಅಲ್ಲೇ. ಕೈಯಲ್ಲಿ ಉಳಿಕೆ ಇಲ್ಲವೆಂದೇ ಹೇಳಬೇಕು. ಗಾಳಿದಾರಿ ಮುಚ್ಚುವ ಒಂದು ಡ್ಯಾಂಪರ್ ತೆರೆದಿದ್ದರೂ ಲೆಕ್ಕ ಮುಗಿಯಿತು.

ಕ್ರಮವೂ ಇದರಿಂದಲೇ ಅರ್ಥವಾಗುತ್ತದೆ, ಉರುಹೊಡೆಯಬೇಕಿಲ್ಲ. ಮೊದಲು ತಲೆ ಎಣಿಕೆ, ಏಕೆಂದರೆ ಈ ಅನಿಲ ಮನುಷ್ಯರನ್ನೂ ಕೊಲ್ಲುತ್ತದೆ. ಫ್ಯಾನ್ ನಿಲ್ಲಿಸಿ, ಡ್ಯಾಂಪರ್ ಮತ್ತು ಬಾಗಿಲು ಮುಚ್ಚಿ, ಇಂಧನದ ಕ್ವಿಕ್ ಕ್ಲೋಸಿಂಗ್ ವಾಲ್ವ್ ಎಳೆಯಬೇಕು. ರಿಲೀಸ್ ಪೆಟ್ಟಿಗೆಯ ಬಾಗಿಲು ತೆರೆದರೆ ಅಲಾರಂ ಕೂಗುತ್ತದೆ. ಒಳಗೆ ಎರಡು ಹಿಡಿ: ಒಂದು ರೂಮಿನ ವಾಲ್ವ್‌ಗೆ, ಇನ್ನೊಂದು ಬಾಟಲಿಗಳಿಗೆ. ಶೇ. 85ರಷ್ಟು ಅನಿಲ 2 ನಿಮಿಷದಲ್ಲಿ ಒಳಗಿರಬೇಕು.

2010ರ ನವೆಂಬರ್ 8ರಂದು ಮೆಕ್ಸಿಕೋ ಕರಾವಳಿಯಾಚೆ ಕಾರ್ನಿವಲ್ ಸ್ಪ್ಲೆಂಡರ್ ಹಡಗಿನ ಹಿಂದಿನ ಎಂಜಿನ್ ರೂಮಿಗೆ ಬೆಂಕಿ ಬಿತ್ತು. ಹಡಗು ನಡೆಸುವ ಬ್ರಿಡ್ಜ್‌ನಲ್ಲಿ ಅಲಾರಂ ಪ್ಯಾನೆಲ್ ರೀಸೆಟ್ ಮಾಡಿದ್ದರಿಂದ ನೀರಿನ ಮಂಜಿನ ವ್ಯವಸ್ಥೆ ಸುಮಾರು 15 ನಿಮಿಷ ತಡವಾಯಿತು. ಸಿಓಟು ದೂರನಿಯಂತ್ರಣದಿಂದಲೂ ಬರಲಿಲ್ಲ, ಕೈಯಿಂದ ಬಿಡಲು ಹೋದಾಗಲೂ ಬರಲಿಲ್ಲ. ಬೆಂಕಿ ಪೂರ್ತಿ ಆರುವ ಮೊದಲೇ ಗಾಳಿಯಾಡಿಸಿದ್ದರಿಂದ ಅದು ಮತ್ತೆ ಭುಗಿಲೆದ್ದಿತು.

ಸಿಓಟು ಯಶಸ್ವಿಯಾದರೂ ಇದೇ ಅಪಾಯ: ಅದು ಉಸಿರುಗಟ್ಟಿಸುತ್ತದೆ, ಉಕ್ಕನ್ನು ತಣಿಸುವುದು ಅಷ್ಟಕ್ಕಷ್ಟೇ. ಅದಕ್ಕೇ ಹೊರಗಿನಿಂದ ಗೋಡೆಗೆ ನೀರು ಹೊಡೆಯುತ್ತಾ, ಅದು ಆವಿಯಾಗುವುದು ನಿಂತಿದೆಯೇ ಎಂದು ನೋಡುತ್ತಾ ಗಂಟೆಗಟ್ಟಲೆ ಕಾಯುವುದು. ಬೇಗ ಬಾಗಿಲು ತೆಗೆದರೆ ಎರಡನೇ ಸಲಕ್ಕೆ ಬಾಟಲಿ ಉಳಿದಿರುವುದಿಲ್ಲ.