ಟೆಂಡನ್ ಹರಿದಿದೆಯಾ, ಪ್ರೋಬ್ ವಾಲಿದೆಯಾ?

ಯಶವಂತಪುರದ ಕಡೆಯ ಪೇಂಟರ್ ಒಬ್ಬರು ಏಣಿಯಿಂದ ಬಿದ್ದು ಮೂರು ವಾರದ ಮೇಲೆ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್‌ಗೆ ಬಂದಿದ್ದರು. "ಬ್ರಷ್ ಹಿಡಿದು ಬಲಗೈ ಎತ್ತೋಕೇ ಆಗ್ತಿಲ್ಲ ಸಾರ್, ಮಂಡಿನೂ ಊದ್ಕೊಂಡಿದೆ" ಅಂದರು.

ಸ್ಟೂಲ್ ಮೇಲೆ ಕೂರಿಸಿ, ಹಿಂದಿನ ಜೇಬಿನಿಂದ ಪರ್ಸ್ ತೆಗೆಯುವ ಹಾಗೆ ಕೈ ಇಡೋಕೆ ಹೇಳಿದೆ. ಹೀಗೆ ಇಟ್ಟರೆ ಭುಜದ ಮೂಳೆಯ ಅಡಿ ಅವಿತಿರುವ ಸುಪ್ರಾಸ್ಪೈನೇಟಸ್ ಟೆಂಡನ್, ಅಂದರೆ ಕೈ ಎತ್ತುವ ಸ್ನಾಯುವನ್ನು ಮೂಳೆಗೆ ಅಂಟಿಸುವ ಹುರಿ, ಮುಂದಕ್ಕೆ ಬರುತ್ತದೆ, ಇಲ್ಲದಿದ್ದರೆ ಅದರ ಬಹುಪಾಲು ಮೂಳೆಯ ನೆರಳಲ್ಲೇ ಉಳಿದುಬಿಡುತ್ತದೆ. ಚರ್ಮದ ಮೇಲಿಟ್ಟು ಶಬ್ದದ ಅಲೆ ಕಳಿಸುವ, ಚಪ್ಪಟೆ ಮುಖದ ಲೀನಿಯರ್ ಪ್ರೋಬನ್ನು ಪೆನ್ನಿನ ಹಾಗೆ, ಆದಷ್ಟು ಕೆಳಗೆ ಹಿಡಿಯಬೇಕು. ಕಿರುಬೆರಳು ಪೇಷಂಟ್ ಚರ್ಮಕ್ಕೆ ಆನಿಕೊಂಡಿರಲಿ, ಆಗ ಕೈ ಜಾರಲ್ಲ.

ಚೆನ್ನಾಗಿರುವ ಟೆಂಡನ್ ಬಾಚಿದ ಕೂದಲಿನ ಹಾಗೆ ಸಾಲುಸಾಲು ಬಿಳಿ ಎಳೆಗಳಾಗಿ ಕಾಣುತ್ತದೆ. ಇವರದ್ದು ಮೂಳೆಗೆ ಅಂಟುವ ಜಾಗದಲ್ಲಿ ಕಪ್ಪಾಗಿತ್ತು. ಹರಿದಿದೆ ಅಂತ ಬರೆದುಬಿಡೋಣ ಅನ್ನಿಸುವುದು ಇಲ್ಲೇ. ಆದರೆ ಶಬ್ದದ ಅಲೆ ಎಳೆಗಳಿಗೆ ನೇರವಾಗಿ ಬಡಿದರೆ ಮಾತ್ರ ಪ್ರೋಬಿಗೆ ವಾಪಸ್ ಬರುತ್ತದೆ. ಕನ್ನಡಿಗೆ ಓರೆಯಾಗಿ ಟಾರ್ಚ್ ಬಿಟ್ಟರೆ ಬೆಳಕು ಬೇರೆ ಕಡೆ ಹೋಗುತ್ತದೆ ಅಲ್ವಾ, ಹಾಗೇ. ಟೆಂಡನ್ ಮೂಳೆಯ ಕಡೆಗೆ ಬಾಗುವಲ್ಲಿ ಪ್ರೋಬ್ ಕೆಲವೇ ಡಿಗ್ರಿ ತಪ್ಪಿದರೂ ಸಾಕು, ಚೆನ್ನಾಗಿರುವ ಎಳೆಯೂ ಕಪ್ಪಾಗಿ ಕಾಣುತ್ತದೆ. ಇದಕ್ಕೆ ಅನೈಸೋಟ್ರಪಿ ಅನ್ನುತ್ತಾರೆ. ಜಾಗ ಬಿಡದೆ ಪ್ರೋಬಿನ ಒಂದು ತುದಿ ಒತ್ತಿ ತೂಗಿದೆ, ಬಿಳಿ ಎಳೆಗಳು ವಾಪಸ್ ಬಂದವು. ಅಲ್ಲಿ ನಿಜಕ್ಕೂ ಹರಿದಿರಲಿಲ್ಲ.

ಆದರೆ ಒಂದು ಸೆಂಟಿಮೀಟರ್ ಮುಂದೆ, ಬೈಸೆಪ್ಸ್ ಟೆಂಡನ್ ಪಕ್ಕ, ಇನ್ನೊಂದು ಕಪ್ಪು ಇತ್ತು. ಎಷ್ಟು ತೂಗಿದರೂ ತುಂಬಲಿಲ್ಲ. ಪ್ರೋಬನ್ನು 90 ಡಿಗ್ರಿ ತಿರುಗಿಸಿ ನೋಡಿದೆ, ಅಲ್ಲೂ ಇತ್ತು. ಉಬ್ಬಿರಬೇಕಾದ ಟೆಂಡನ್ನಿನ ಮೇಲಂಚು ಅಲ್ಲಿ ತಗ್ಗಾಗಿತ್ತು, ಪ್ರೋಬಿನಿಂದ ಮೆಲ್ಲಗೆ ಒತ್ತಿದರೆ ಇನ್ನಷ್ಟು ಒಳಗೆ ಕುಸಿಯುತ್ತಿತ್ತು. ಕಪ್ಪು ಮೇಲಿಂದ ತಳದವರೆಗೂ ಹೋಗಿತ್ತು, ಅಂದರೆ ಪೂರ್ತಿ ದಪ್ಪ ಹರಿದಿದೆ. ಅರ್ಧ ದಪ್ಪ ಮಾತ್ರ ಹರಿದಿದ್ದರೆ ಇಷ್ಟು ಖಚಿತವಾಗಿ ಹೇಳೋದು ಕಷ್ಟ.

ಮಂಡಿಯಲ್ಲಿ ನಾನೇ ಎಡವಿದೆ. ಮಲಗಿಸಿ, ಮಂಡಿಯಡಿ ಟವೆಲ್ ಸುತ್ತಿಟ್ಟು ಸುಮಾರು 30 ಡಿಗ್ರಿ ಮಡಿಸಿ, ಚಿಪ್ಪಿನ ಮೇಲ್ಭಾಗದಲ್ಲಿ ತೊಡೆಯ ಉದ್ದಕ್ಕೆ ಪ್ರೋಬ್ ಇಟ್ಟರೆ ತೊಡೆಯ ಟೆಂಡನ್ನಿನ ಕೆಳಗೆ ನೀರು ಕಪ್ಪು ಪಟ್ಟಿಯಾಗಿ ಕಾಣಬೇಕು. ಏನೂ ಕಾಣಲಿಲ್ಲ. ಊತ ಕಣ್ಣೆದುರೇ ಇದೆ! ಭುಜ ನೋಡಿದ ಜೋರಿನಲ್ಲೇ ಒತ್ತಿದ್ದೆ, ನೀರು ಪಕ್ಕಕ್ಕೆ ಸರಿದುಹೋಗಿತ್ತು. ಜೆಲ್ ಜಾಸ್ತಿ ಹಾಕಿ ಪ್ರೋಬನ್ನು ತೇಲಿಸಿದಂತೆ ಹಿಡಿದು, ಇನ್ನೊಂದು ಕೈಯಿಂದ ಚಿಪ್ಪಿನ ಎರಡೂ ಬದಿ ಅಮುಕಿದೆ. ಕಪ್ಪು ಪಟ್ಟಿ ಉಬ್ಬಿತು. ಕೀಲಿನ ಒಳಪೊರೆ ದಪ್ಪವಾಗಿದ್ದರೂ ಕಪ್ಪಾಗಿ ಕಾಣಬಹುದು, ಆದರೆ ಅದು ಒತ್ತಿದರೆ ಹೀಗೆ ಓಡಾಡಲ್ಲ, ಡಾಪ್ಲರ್ ಹಾಕಿದರೆ ಕೆಲವೊಮ್ಮೆ ರಕ್ತ ಹರಿಯೋದೂ ಕಾಣುತ್ತದೆ.

ಆ ನೀರು ರಕ್ತವೋ ಕೀವೋ ಬರೀ ಊತದ ನೀರೋ ಅಂತ ಸ್ಕ್ರೀನಿನ ಬಣ್ಣ ನೋಡಿ ಹೇಳೋಕಾಗಲ್ಲ. ಅನುಮಾನ ಇದ್ದರೆ ಸೂಜಿ ಹಾಕಿ ತೆಗೆದು ಲ್ಯಾಬ್‌ಗೆ ಕಳಿಸಬೇಕು.