ಹಿಮೋಗ್ಲೋಬಿನ್ ಸರಿಯಿದೆ, ಸುಸ್ತು ಯಾಕೆ ಹೋಗುತ್ತಿಲ್ಲ?

ಹಾರ್ಟ್ ಫೇಲ್ಯೂರ್, ಅಂದರೆ ಮೈಗೆ ಬೇಕಾದಷ್ಟು ರಕ್ತವನ್ನು ಹೃದಯ ಸರಿಯಾಗಿ ಒದಗಿಸಲಾರದ ಸ್ಥಿತಿ ಇರುವವರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಜನರಿಗೆ ಮೈಯಲ್ಲಿ ಕಬ್ಬಿಣದ ಅಂಶದ ಕೊರತೆ ಇರುತ್ತದೆ. ಅವರಲ್ಲಿ ಎಷ್ಟೋ ಜನರ ಹಿಮೋಗ್ಲೋಬಿನ್ ಸರಿಯಾಗಿಯೇ ಇರುತ್ತದೆ. ಹಿಮೋಗ್ಲೋಬಿನ್ ಸರಿಯಿದ್ದ ಮೇಲೆ ಕಬ್ಬಿಣದ ಮಾತೇ ಬರುವುದಿಲ್ಲ. ಸುಸ್ತು ಮಾತ್ರ ಹಾಗೇ ಉಳಿಯುತ್ತದೆ.

ಹುಬ್ಬಳ್ಳಿಯಲ್ಲಿ ನಾನು ನೋಡುವ ಇಂಥ ರೋಗಿಗಳಲ್ಲಿ ಒಬ್ಬರ ರಿಪೋರ್ಟನ್ನು ಇಲ್ಲಿ ಬಿಡಿಸಿ ಇಡುತ್ತೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಅಣ್ಣಿಗೇರಿ ಕಡೆಯ ರೈತರು, ವಯಸ್ಸು 62, ತೂಕ 58 ಕೆಜಿ. ಹಿಂದೆ ಹಾರ್ಟ್ ಅಟ್ಯಾಕ್ ಆಗಿ ಪಂಪಿಂಗ್, ಅಂದರೆ ಪ್ರತಿ ಬಡಿತಕ್ಕೆ ಹೃದಯ ಹೊರದೂಡುವ ರಕ್ತದ ಪಾಲು, ಶೇ. 32ಕ್ಕೆ ಇಳಿದಿತ್ತು. ಈಗ ಕೊಡಬೇಕಾದ ನಾಲ್ಕೂ ಬಗೆಯ ಔಷಧಿ ನಡೆದಿವೆ: ಸ್ಯಾಕುಬಿಟ್ರಿಲ್-ವಲ್ಸಾರ್ಟನ್, ಮೆಟೊಪ್ರೊಲಾಲ್, ಸ್ಪೈರೊನೊಲ್ಯಾಕ್ಟೋನ್, ಡಾಪಾಗ್ಲಿಫ್ಲೋಜಿನ್. ಒಂದು ಗುಳಿಗೆಯನ್ನೂ ತಪ್ಪಿಸುವವರಲ್ಲ.

"ಕಾಲಾಗ ಬಾವು ಇಲ್ರೀ, ದಮ್ಮೂ ಕಡಿಮಿ ಆಗೇತಿ. ಆದ್ರ ಬದುವಿನ ಮ್ಯಾಲ ಸ್ವಲ್ಪ ನಡದ್ರ ಸಾಕು, ತೊಡಿ ಸೋತು ಬರ್ತಾವು. ಕುಂಡ್ರೂದ ಆಗತೈತಿ" ಎಂದರು. ಜೊತೆಗೆ ಬಂದಿದ್ದ ಮಗ ಫೈಲು ಮುಂದಿಟ್ಟು, "ರಕ್ತಾ ಎಲ್ಲಾ ನಾರ್ಮಲ್ ಬಂದೈತ್ರೀ ಸರ, ಮತ್ತ ಯಾಕ ಹಿಂಗ?" ಎಂದ.

ಮಗ ಹೇಳಿದ್ದು ನಿಜವೇ. ಹಿಮೋಗ್ಲೋಬಿನ್ 13.2. ಗಂಡಸರಲ್ಲಿ 13ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಎನ್ನುತ್ತಾರೆ, ಇವರು ಆ ಗೆರೆಗಿಂತ ಮೇಲೇ ಇದ್ದರು. ಫೆರಿಟಿನ್ 148 ಇತ್ತು. ಫೆರಿಟಿನ್ ಅಂದರೆ ಮೈ ಕೂಡಿಟ್ಟುಕೊಂಡ ಕಬ್ಬಿಣ ಎಷ್ಟು ಎಂದು ಹೇಳುವ ಪರೀಕ್ಷೆ. ಲ್ಯಾಬ್‌ನವರು ಮುದ್ರಿಸುವ ನಾರ್ಮಲ್ ಮಿತಿಯೊಳಗೆ 148 ಆರಾಮಾಗಿ ಕೂಡುತ್ತದೆ. ರಿಪೋರ್ಟಿನಲ್ಲಿ ಯಾವ ಅಂಕಿಯೂ ದಪ್ಪ ಅಕ್ಷರದಲ್ಲಿ ಇರಲಿಲ್ಲ.

ತೊಂದರೆ ಇರುವುದು ಇಲ್ಲಿಯೇ. ಮೈಯಲ್ಲಿ ಎಲ್ಲಾದರೂ ಉರಿಯೂತ ಇದ್ದರೆ, ಕಬ್ಬಿಣ ಜಾಸ್ತಿ ಇಲ್ಲದಿದ್ದರೂ ಫೆರಿಟಿನ್ ಏರುತ್ತದೆ. ಹಾರ್ಟ್ ಫೇಲ್ಯೂರ್‌ನಲ್ಲಿ ಸಣ್ಣಗೆ ಉರಿಯೂತ ಸಾಮಾನ್ಯವಾಗಿ ಇರುತ್ತದೆ. ಹಾಗಾಗಿ ಆರೋಗ್ಯವಂತರಿಗೆ ಹಾಕಿದ ಮಿತಿ ಇವರಿಗೆ ಒಪ್ಪುವುದಿಲ್ಲ. ಹೃದ್ರೋಗ ತಜ್ಞರು ಬಳಸುವ ಅಳತೆಯೇ ಬೇರೆ. ಫೆರಿಟಿನ್ 100ಕ್ಕಿಂತ ಕಡಿಮೆ ಇದ್ದರೆ ಕೊರತೆ ಇದೆ ಎಂದೇ ಲೆಕ್ಕ. 100ರಿಂದ 299ರ ನಡುವೆ ಇದ್ದರೆ ಇನ್ನೊಂದು ಅಂಕಿ ನೋಡಬೇಕು. ಅದು ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್. ರಕ್ತದಲ್ಲಿ ಕಬ್ಬಿಣವನ್ನು ಹೊತ್ತು ತಿರುಗುವ ಪ್ರೋಟೀನ್ ಟ್ರಾನ್ಸ್‌ಫೆರಿನ್. ಅದರ ಮೇಲಿರುವ ಜಾಗದಲ್ಲಿ ಎಷ್ಟು ಭಾಗ ತುಂಬಿದೆ ಎಂದು ಈ ಅಂಕಿ ಹೇಳುತ್ತದೆ. ಶೇ. 20ಕ್ಕಿಂತ ಕಡಿಮೆಯಿದ್ದರೆ ಕೊರತೆ.

ಎಷ್ಟೋ ಲ್ಯಾಬ್ ರಿಪೋರ್ಟುಗಳಲ್ಲಿ ಇದನ್ನು ಬಿಡಿಸಿ ಬರೆದಿರುವುದಿಲ್ಲ. ರಕ್ತದಲ್ಲಿ ಈಗಿರುವ ಕಬ್ಬಿಣ ಎಷ್ಟೆಂದು ಹೇಳುವ ಸೀರಮ್ ಐರನ್ ಮತ್ತು ಒಟ್ಟು ಎಷ್ಟು ಕಬ್ಬಿಣ ಹೊರಲು ಜಾಗವಿದೆ ಎಂದು ಹೇಳುವ ಟಿಐಬಿಸಿ ಎಂಬ ಎರಡು ಅಂಕಿ ಇದ್ದರೆ ನಾವೇ ತೆಗೆಯಬಹುದು. ಇವರದು ಕ್ರಮವಾಗಿ 48 ಮತ್ತು 330. 48ನ್ನು 330ರಿಂದ ಭಾಗಿಸಿ 100ರಿಂದ ಗುಣಿಸಿದರೆ ಸುಮಾರು 14.5. ಅಲ್ಲಿಗೆ ಕೊರತೆ ಖಚಿತವಾಯಿತು. ಇತ್ತೀಚೆಗೆ ಅನೇಕ ತಜ್ಞರು ಫೆರಿಟಿನ್‌ಗಿಂತ ಈ ಅಂಕಿಯನ್ನೇ ಜಾಸ್ತಿ ನಂಬಬೇಕು ಅನ್ನುತ್ತಿದ್ದಾರೆ. ನನಗೂ ಹಾಗೇ ಅನ್ನಿಸುತ್ತದೆ. ಒಂದು ಎಚ್ಚರ ಮಾತ್ರ ಬೇಕು: ಸೀರಮ್ ಐರನ್ ದಿನದೊಳಗೇ ಏರಿಳಿಯುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಐರನ್ ಗುಳಿಗೆ ನುಂಗುವ ಮೊದಲೇ ರಕ್ತ ಕೊಡುವುದು ಒಳ್ಳೆಯದು.

ಹಿಮೋಗ್ಲೋಬಿನ್ ಸರಿಯಿರುವಾಗ ಕಬ್ಬಿಣ ಕಡಿಮೆಯಾದರೆ ಏನಾಗುತ್ತದೆ? ಕಬ್ಬಿಣ ರಕ್ತಕ್ಕಷ್ಟೇ ಬೇಕಾದದ್ದು ಎಂದು ನಾವು ಶಾಲೆಯಲ್ಲಿ ಓದಿದ್ದೇವೆ. ಅದು ಸ್ನಾಯುಗಳಿಗೂ ಬೇಕು. ಸ್ನಾಯುವಿನ ಕೋಶದೊಳಗೆ ಮೈಟೋಕಾಂಡ್ರಿಯಾ ಎಂಬ ಕಣಗಳಿವೆ. ಉಸಿರಿನಿಂದ ಬಂದ ಆಮ್ಲಜನಕವನ್ನು ಬಳಸಿ ಶಕ್ತಿ ತಯಾರಾಗುವುದು ಅಲ್ಲಿ. ಆ ಕೆಲಸ ಮಾಡುವ ಎಷ್ಟೋ ಪ್ರೋಟೀನ್‌ಗಳ ನಡುಮಧ್ಯದಲ್ಲಿ ಕಬ್ಬಿಣದ ಪರಮಾಣು ಕೂತಿರುತ್ತದೆ. ಕಬ್ಬಿಣ ಸಾಲದಾದಾಗ ಮೈ ಮೊದಲು ಕೆಂಪು ರಕ್ತಕಣಗಳಿಗೆ ಕೊಡುತ್ತದೆ, ಉಳಿದವರು ಕಾಯಬೇಕು. ಹಾಗಾಗಿ ಹಿಮೋಗ್ಲೋಬಿನ್ ಇಳಿಯುವ ಮುಂಚೆಯೇ ತೊಡೆಯ ಸ್ನಾಯು ಸೊರಗುತ್ತದೆ. ಹೃದಯವೂ ಸ್ನಾಯುವೇ ಅಲ್ವಾ, ಅದಕ್ಕೂ ಇದೇ ಗತಿ.

ನಾಲ್ಕು ಬಗೆಯ ಔಷಧಿ ಸರಿಯಾಗಿ ಕೆಲಸ ಮಾಡುತ್ತಿದ್ದರೂ ಸುಸ್ತು ಉಳಿಯುವುದಕ್ಕೆ ಇದೊಂದು ಮುಖ್ಯ ಕಾರಣ. ಆ ಔಷಧಿಗಳು ಹೃದಯದ ಮೇಲಿನ ಹೊರೆ ಇಳಿಸುತ್ತವೆ, ಆಯಸ್ಸು ಹೆಚ್ಚಿಸುತ್ತವೆ. ಯಾರೂ ಅವುಗಳನ್ನು ಬಿಡಬಾರದು. ಆದರೆ ಖಾಲಿಯಾದ ಕಬ್ಬಿಣವನ್ನು ಅವು ತುಂಬಿ ಕೊಡಲಾರವು. ಎಕೋದಲ್ಲಿ ಪಂಪಿಂಗ್ ಕಾಣುತ್ತದೆ, ತೊಡೆಯ ಸ್ನಾಯು ಕಾಣುವುದಿಲ್ಲ.

"ಹಂಗಾದ್ರ ಐರನ್ ಗುಳಿಗಿ ಬರದು ಕೊಡ್ರೆಲಾ" ಎಂದ ಮಗ. ಎಲ್ಲರೂ ಕೇಳುವ ಪ್ರಶ್ನೆ ಇದು.

ಉತ್ತರಕ್ಕೆ ಹೆಪ್ಸಿಡಿನ್ ಎಂಬ ಹಾರ್ಮೋನನ್ನು ತಿಳಿಯಬೇಕು. ಇದನ್ನು ತಯಾರಿಸುವುದು ಲಿವರ್. ಕರುಳಿನ ಕೋಶಗಳಿಂದ ಕಬ್ಬಿಣ ರಕ್ತಕ್ಕೆ ಇಳಿಯುವ ಬಾಗಿಲನ್ನು ಹೆಪ್ಸಿಡಿನ್ ಮುಚ್ಚುತ್ತದೆ. ಹಳೆಯ ರಕ್ತಕಣಗಳನ್ನು ಒಡೆದು ದಿನಕ್ಕೆ 20–25 ಮಿಲಿಗ್ರಾಂ ಕಬ್ಬಿಣವನ್ನು ಮತ್ತೆ ಬಳಕೆಗೆ ಬಿಡುವ ಕೋಶಗಳಲ್ಲೂ ಅದೇ ಬಾಗಿಲಿದೆ, ಅದೂ ಮುಚ್ಚಿಕೊಳ್ಳುತ್ತದೆ. ಉರಿಯೂತ ಇದ್ದಾಗ ಹೆಪ್ಸಿಡಿನ್ ಏರುತ್ತದೆ. ಅಮರಗೋಳದ ಎಪಿಎಂಸಿಯಲ್ಲಿ ಗೋದಾಮಿನ ತುಂಬಾ ಚೀಲಗಳಿದ್ದೂ ಶಟರ್ ಇಳಿದಿದ್ದರೆ ಪೇಟೆಗೆ ಕಾಳು ಬರುವುದಿಲ್ಲವಲ್ಲ, ಹಾಗೆ. ಫೆರಿಟಿನ್ 148 ಇದ್ದೂ ಸ್ನಾಯುವಿಗೆ ಕಬ್ಬಿಣ ಸಿಗದೇ ಇರುವುದು ಇದಕ್ಕೇ.

ಇದರ ಮೇಲೆ ಕರುಳಿಗೂ ನೀರು ತುಂಬಿ ಹೀರುವ ಶಕ್ತಿ ಕಡಿಮೆಯಾಗಿರುತ್ತದೆ, ಊಟವೂ ಸೇರುವುದಿಲ್ಲ. ನಮ್ಮ ಕಡೆಯ ಜೋಳದ ರೊಟ್ಟಿಯಲ್ಲಿ ಕಬ್ಬಿಣ ಇದೆ, ಆದರೆ ಧಾನ್ಯದಲ್ಲಿರುವ ಫೈಟೇಟ್ ಅದನ್ನು ಬಿಗಿದಿಟ್ಟುಕೊಳ್ಳುತ್ತದೆ. ಊಟದ ಬೆನ್ನಿಗೇ ಚಹಾ ಕುಡಿದರೆ ಇನ್ನೂ ಕಡಿಮೆ ಸಿಗುತ್ತದೆ.

ಗುಳಿಗೆಯನ್ನು ಪರೀಕ್ಷಿಸಿಯೂ ನೋಡಿದ್ದಾರೆ. 2017ರಲ್ಲಿ ಪ್ರಕಟವಾದ ಐರನ್‌ಔಟ್ ಎಂಬ ಅಮೆರಿಕದ ಅಧ್ಯಯನದಲ್ಲಿ 225 ಹಾರ್ಟ್ ಫೇಲ್ಯೂರ್ ರೋಗಿಗಳಿದ್ದರು. ಅರ್ಧ ಜನರಿಗೆ 16 ವಾರ ದಿನಕ್ಕೆರಡು ಬಾರಿ 150 ಮಿಲಿಗ್ರಾಂ ಕಬ್ಬಿಣವನ್ನು ಬಾಯಿಂದ ಕೊಟ್ಟರು. ಶ್ರಮಪಡುವಾಗ ಮೈ ಎಷ್ಟು ಆಮ್ಲಜನಕ ಬಳಸುತ್ತದೆ ಎಂದು ಅಳೆದರು. ಹುಸಿ ಗುಳಿಗೆ ನುಂಗಿದವರಿಗೂ ಇವರಿಗೂ ಫರಕು ಕಾಣಲಿಲ್ಲ.

ಮುಚ್ಚಿದ ಬಾಗಿಲನ್ನು ದಾಟಲು ನೇರ ರಕ್ತನಾಳಕ್ಕೆ ಕೊಡುವುದೊಂದೇ ದಾರಿ. ಆರೋಗ್ಯವಂತರ ಕರುಳು ಕೂಡ ದಿನಕ್ಕೆ 1–2 ಮಿಲಿಗ್ರಾಂ ಮಾತ್ರ ಹೀರುತ್ತದೆ. 1,000 ಮಿಲಿಗ್ರಾಂ ತುಂಬಬೇಕೆಂದರೆ ಆ ಲೆಕ್ಕದಲ್ಲಿ ವರ್ಷಕ್ಕಿಂತ ಜಾಸ್ತಿ ಬೇಕು. ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಎಂಬ ಔಷಧಿಯಲ್ಲಿ ಅಷ್ಟನ್ನೂ ಒಂದೇ ಸಲ ಕೊಡಬಹುದು.

ಇವರಿಗೆ ಹಾಗೇ ಕೊಟ್ಟೆವು. ತೂಕ 70 ಕೆಜಿಗಿಂತ ಕಡಿಮೆ, ಹಿಮೋಗ್ಲೋಬಿನ್ 10ರಿಂದ 14ರ ಒಳಗೆ ಇದ್ದರೆ 1,000 ಮಿಲಿಗ್ರಾಂ ಒಂದು ಸಲ ಸಾಕು. ತೂಕ ಜಾಸ್ತಿ ಇದ್ದವರಿಗೆ, ಹಿಮೋಗ್ಲೋಬಿನ್ ತೀರಾ ಕಡಿಮೆ ಇದ್ದವರಿಗೆ ಆರು ವಾರದ ನಂತರ ಇನ್ನೊಂದು ಡೋಸು ಬೇಕಾಗುತ್ತದೆ. ಕಡುಕಂದು ಬಣ್ಣದ ಔಷಧಿಯನ್ನು 250 ಮಿಲಿ ಸಲೈನಿನಲ್ಲಿ ಬೆರೆಸಿ ನಿಧಾನಕ್ಕೆ ಬಿಟ್ಟೆವು. 15 ನಿಮಿಷಕ್ಕಿಂತ ಬೇಗ ಮುಗಿಸಬಾರದು. ಮುಗಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸಿಕೊಂಡೆವು. ಗಂಭೀರ ಅಲರ್ಜಿ ಅಪರೂಪ, ಆದರೆ ಆಗಿಬಿಟ್ಟರೆ ತಕ್ಷಣ ಚಿಕಿತ್ಸೆ ಕೊಡುವ ವ್ಯವಸ್ಥೆ ಇರಬೇಕು. ಆದ್ದರಿಂದ ಇದನ್ನು ಮನೆಯಲ್ಲಿ ಹಚ್ಚಿಸಿಕೊಳ್ಳಬಾರದು. ಜ್ವರ, ಸೋಂಕು ಇದ್ದಾಗಲೂ ಬೇಡ. ಸೂಜಿ ಚುಚ್ಚಿದ ಜಾಗದಲ್ಲಿ ಉರಿಯಾದರೆ ಕೂಡಲೇ ಹೇಳಬೇಕು. ಔಷಧಿ ಚರ್ಮದಡಿ ಸೋರಿದರೆ ಬಿದ್ದ ಕಂದು ಕಲೆ ತಿಂಗಳುಗಟ್ಟಲೆ ಹೋಗುವುದಿಲ್ಲ. ಐರನ್ ಸುಕ್ರೋಸ್ ಎಂಬ ಅಗ್ಗದ ಔಷಧಿಯೂ ಇದೆ. ಅದನ್ನು ಸಾಮಾನ್ಯವಾಗಿ ಒಂದು ಸಲಕ್ಕೆ 200 ಮಿಲಿಗ್ರಾಂ ಮೀರಿ ಕೊಡುವುದಿಲ್ಲ. ಹಳ್ಳಿಯಿಂದ ಬಸ್ಸಿನಲ್ಲಿ ಬರುವವರಿಗೆ ಮತ್ತೆ ಮತ್ತೆ ಓಡಾಟ.

ಇದರಿಂದ ಎಷ್ಟು ಲಾಭ? 2009ರ ಫೇರ್-ಎಚ್‌ಎಫ್ ಅಧ್ಯಯನದಲ್ಲಿ 459 ರೋಗಿಗಳಿದ್ದರು. ಔಷಧಿಯ ಬಣ್ಣ ಕಂಡು ಯಾರಿಗೆ ಏನು ಸಿಕ್ಕಿತೆಂದು ಗೊತ್ತಾಗಬಾರದೆಂದು ರೋಗಿಗೆ ಸಿರಿಂಜ್ ಕಾಣದ ಹಾಗೆ ಮರೆ ಮಾಡಿದ್ದರು. 24 ವಾರಗಳ ನಂತರ, ಕಬ್ಬಿಣ ಪಡೆದವರಲ್ಲಿ ನೂರಕ್ಕೆ 50 ಜನ ಸಾಕಷ್ಟು ಸುಧಾರಿಸಿದ್ದೇವೆ ಎಂದರು. ಬರೀ ಸಲೈನ್ ಪಡೆದವರಲ್ಲಿ ಹಾಗೆಂದವರು ನೂರಕ್ಕೆ 28. ಹಿಮೋಗ್ಲೋಬಿನ್ ಸರಿಯಿದ್ದವರಿಗೂ ಲಾಭವಾಗಿತ್ತು. ಬರೀ ಸಲೈನ್ ಪಡೆದರೂ ನೂರಕ್ಕೆ 28 ಜನ ಸುಧಾರಿಸಿದ್ದೇವೆ ಎಂದರೆಂಬುದನ್ನೂ ಮರೆಯಬಾರದು. ಸುಸ್ತಿನ ಲೆಕ್ಕ ಹಿಡಿಯುವುದು ಸುಲಭವಿಲ್ಲ.

ಆಯಸ್ಸು ಹೆಚ್ಚುತ್ತದೆಯೇ ಎಂದರೆ ಹೌದೆನ್ನಲು ಆಧಾರ ಸಾಲದು. 2023ರಲ್ಲಿ ಪ್ರಕಟವಾದ, ಮೂರು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಹಾರ್ಟ್-ಫಿಡ್ ಅಧ್ಯಯನದ ಫಲಿತಾಂಶ ಸ್ಪಷ್ಟ ಗೆಲುವು ತೋರಿಸಲಿಲ್ಲ. ಅದೇ ವರ್ಷ ಯುರೋಪಿನ ಮಾರ್ಗಸೂಚಿ ಇದನ್ನು ಶಿಫಾರಸು ಮಾಡಿದ್ದು ಮುಖ್ಯವಾಗಿ ಸುಸ್ತು, ದಮ್ಮು ಕಡಿಮೆ ಮಾಡಿ ದಿನನಿತ್ಯದ ಬದುಕು ಸುಧಾರಿಸಲು. ಆಸ್ಪತ್ರೆಗೆ ಮತ್ತೆ ಸೇರುವುದು ಕಡಿಮೆಯಾಗಬಹುದು ಎಂಬುದಕ್ಕೆ ಎರಡನೆಯ ಸ್ಥಾನ. ಇದೆಲ್ಲ ಪಂಪಿಂಗ್ ಕಡಿಮೆ ಇರುವವರಿಗೆ. ಪಂಪಿಂಗ್ ಸರಿಯಿದ್ದೂ ಹಾರ್ಟ್ ಫೇಲ್ಯೂರ್ ಆದವರ ಬಗ್ಗೆ ಪುರಾವೆ ಕಡಿಮೆ.

ನಮ್ಮ ರೈತರು ಆರು ವಾರಕ್ಕೆ ಬಂದಾಗ ಹೊಲದ ಬಾವಿಯ ತನಕ ಕೂರದೆ ಹೋಗಿಬರುತ್ತೇನೆ ಎಂದರು. ದಿಬ್ಬ ಏರುವುದು ಆಗ ಇನ್ನೂ ಆಗುತ್ತಿರಲಿಲ್ಲ. ಪಂಪಿಂಗ್ ಶೇ. 32ರಲ್ಲೇ ಇದ್ದ ಹೃದಯದಿಂದ ಅದನ್ನು ನಿರೀಕ್ಷಿಸುವಂತೆಯೂ ಇರಲಿಲ್ಲ. ಸುಸ್ತಿಗೆ ಥೈರಾಯ್ಡ್, ಕಡಿಮೆ ಬಿಪಿ, ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್ ಡೋಸು, ನಿದ್ದೆಯಲ್ಲಿ ಉಸಿರು ಕಟ್ಟುವುದು, ಮನಸ್ಸಿನ ಬೇಸರ ಇವೂ ಕಾರಣ ಇರಬಹುದು. ಅವನ್ನೂ ನೋಡಿಕೊಂಡೆವು.

ಇನ್ನೊಂದನ್ನು ಯಾರೂ ಬಿಡುವಂತಿಲ್ಲ: ಕಬ್ಬಿಣ ಎಲ್ಲಿ ಹೋಗುತ್ತಿದೆ? ಆಸ್ಪಿರಿನ್, ರಕ್ತ ತೆಳುವಾಗಿಸುವ ಗುಳಿಗೆ ನುಂಗುವವರಿಗೆ ಹೊಟ್ಟೆಯಲ್ಲಿ ಸ್ವಲ್ಪ ಸ್ವಲ್ಪವೇ ರಕ್ತ ಸೋರಬಹುದು. ಈ ವಯಸ್ಸಿನಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಕೂಡ ಮೊದಲು ಹೀಗೆಯೇ ಕಾಣಿಸಿಕೊಳ್ಳಬಹುದು. ಮಲ ಡಾಂಬರಿನಂತೆ ಕಪ್ಪಾಗಿದ್ದರೆ ಡಾಕ್ಟರಿಗೆ ಹೇಳಬೇಕು. ಐರನ್ ಗುಳಿಗೆ ನುಂಗಿದರೂ ಮಲ ಕಪ್ಪಾಗುತ್ತದೆ, ಹಾಗಾಗಿ ಏನೇನು ಗುಳಿಗೆ ನಡೆದಿವೆ ಎಂದೂ ತಿಳಿಸಬೇಕು. ಸೋರಿಕೆ ನಿಲ್ಲಿಸದೆ ಸುಮ್ನೆ ಕಬ್ಬಿಣ ತುಂಬಿದರೆ ಕೆಲವೇ ತಿಂಗಳಲ್ಲಿ ಮತ್ತೆ ಖಾಲಿ.

ಫೆರಿಟಿನ್ ಮತ್ತು ಸ್ಯಾಚುರೇಶನ್ ಮತ್ತೆ ನೋಡುವುದು ಮೂರು ತಿಂಗಳಿಗೆ. ಇಂಜೆಕ್ಷನ್ ಆದ ಮೊದಲ ನಾಲ್ಕು ವಾರದಲ್ಲಿ ಫೆರಿಟಿನ್ ಸುಳ್ಳೇ ಏರಿರುತ್ತದೆ, ಆಗ ಪರೀಕ್ಷೆ ಮಾಡಿಸಿದರೆ ದುಡ್ಡು ದಂಡ. ಕೊರತೆ ಮತ್ತೆ ಕಂಡರೆ 500 ಮಿಲಿಗ್ರಾಂ ಕೊಡಬಹುದು. ಹೀಗೆ ಪದೇ ಪದೇ ಪಡೆದವರಿಗೆ ಮೂಳೆ ನೋವು ಬಂದು ಸುಸ್ತು ಇನ್ನೂ ಹೆಚ್ಚಿದರೆ ರಕ್ತದ ಫಾಸ್ಫೇಟ್ ನೋಡಬೇಕು. ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಕೆಲವರಲ್ಲಿ ಫಾಸ್ಫೇಟನ್ನು ಮೂತ್ರದಲ್ಲಿ ಹೊರಹಾಕಿಸುತ್ತದೆ. ಅಂಥವರಿಗೆ ಮುಂದಿನ ಸಲ ಬೇರೆ ಬಗೆಯ ಐರನ್ ಆರಿಸಿಕೊಳ್ಳುತ್ತೇವೆ.