ಮಧ್ಯದಲ್ಲಿಟ್ಟ ನಿಯಮ ಕಳೆದುಹೋಯಿತೋ, ಸೋತುಹೋಯಿತೋ?

ಚಾಟ್‌ಬಾಟ್ ಒಂದು ನಿಯಮವನ್ನು ಪಾಲಿಸುತ್ತಿಲ್ಲ. ತೆಗೆದು ನೋಡಿದರೆ ಅದು ಉದ್ದನೆಯ ಸಿಸ್ಟಂ ಪ್ರಾಂಪ್ಟ್‌ನ ನಟ್ಟನಡುವೆ ಕೂತಿದೆ. ‘ಮಧ್ಯದಲ್ಲಿದ್ದದ್ದನ್ನು ಭಾಷಾ ಮಾದರಿ ಮರೆಯುತ್ತದೆ’ ಎಂದು ಯಾರೋ ಹೇಳುತ್ತಾರೆ, ನಿಯಮವನ್ನು ಕೊನೆಗೆ ಎಳೆದು ಹಾಕುತ್ತಾರೆ, ಸ್ವಲ್ಪ ಸುಧಾರಿಸಿದಂತೆ ಕಾಣುತ್ತದೆ, ಕಡತ ಮುಚ್ಚುತ್ತಾರೆ. ಎರಡು ವಾರದಲ್ಲಿ ಅದೇ ದೂರು ಮತ್ತೆ ಬರುತ್ತದೆ.

ಆ ಮಾತಿಗೆ ಆಧಾರವೇನೋ ಇದೆ. 2023ರ ಪ್ರಸಿದ್ಧ ಅಧ್ಯಯನವೊಂದರಲ್ಲಿ, ಉತ್ತರವಿರುವ ದಾಖಲೆಯನ್ನು ಹಲವು ದಾಖಲೆಗಳ ಸಾಲಿನಲ್ಲಿ ಬೇರೆ ಬೇರೆ ಜಾಗದಲ್ಲಿಟ್ಟು ಪರೀಕ್ಷಿಸಿದರು. ಸಾಲಿನ ಮೊದಲಲ್ಲಿ ಅಥವಾ ಕೊನೆಯಲ್ಲಿದ್ದಾಗ ಮಾದರಿಗಳು ಚೆನ್ನಾಗಿ ಉತ್ತರಿಸಿದವು, ನಡುವಿನಲ್ಲಿದ್ದಾಗ ಎಡವಿದವು. ಆದರೆ ಅದು ಮಾಹಿತಿ ಹುಡುಕುವ ಪರೀಕ್ಷೆ. ನಿಯಮ ಪಾಲಿಸುವುದು ಬೇರೆ ಕೆಲಸ. ಮಾದರಿಗೆ ನಿಯಮ ಸಿಕ್ಕಿರಬಹುದು, ಆದರೂ ಪ್ರಾಂಪ್ಟ್‌ನ ಇನ್ನೊಂದು ಸಾಲಿನ ಎದುರು ಅದು ಸೋತಿರಬಹುದು. ಕಳೆದುಹೋಗುವುದಕ್ಕೂ ಸೋಲುವುದಕ್ಕೂ ಮದ್ದು ಬೇರೆ, ಆದ್ದರಿಂದ ಮೊದಲು ಇವೆರಡನ್ನು ಬಿಡಿಸಿ ನೋಡಬೇಕು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಖಾಸಗಿ ಬಸ್ ಬುಕಿಂಗ್ ಕಂಪನಿಯ ಬಾಟ್. ಪ್ರಾಂಪ್ಟ್ ಸುಮಾರು 9,000 ಟೋಕನ್. ನಡುವೆ ಎಲ್ಲೋ ಈ ಸಾಲು: ‘ರಿಫಂಡ್ ಎಷ್ಟೆಂದು ರೂಪಾಯಿಯಲ್ಲಿ ಹೇಳಬೇಡ. ಶೇಕಡಾ ಎಷ್ಟು ಕಡಿತ ಎಂದಷ್ಟೇ ತಿಳಿಸಿ, ಮೊತ್ತಕ್ಕೆ “ನನ್ನ ಟಿಕೆಟ್” ಪುಟ ನೋಡಲು ಹೇಳು.’ ಕೂಪನ್, ವ್ಯಾಲೆಟ್ ಎಲ್ಲ ಸೇರಿದರೆ ಬಾಟ್ ಹಾಕುವ ಲೆಕ್ಕ ತಪ್ಪುತ್ತದೆ, ಅದಕ್ಕೇ ಈ ನಿಯಮ. ಬಾಟ್ ಮಾತ್ರ ಧಾರಾಳವಾಗಿ ಮೊತ್ತ ಹೇಳುತ್ತಿದೆ.

ಮೊದಲ ಕೆಲಸ, ನಿಯಮ ಮಾದರಿಗೆ ತಲುಪುತ್ತಿದೆಯೇ ಎಂದು ನೋಡುವುದು. ಟೆಂಪ್ಲೇಟ್ ಕಡತವನ್ನಲ್ಲ, API ಗೆ ಹೋದ ಕೊನೆಯ ಪಠ್ಯವನ್ನು ಲಾಗ್ ಮಾಡಿ ಹುಡುಕಿ:

```python
import unicodedata as u
p = u.normalize("NFC", messages[0]["content"])
r = u.normalize("NFC", "ರೂಪಾಯಿಯಲ್ಲಿ ಹೇಳಬೇಡ")
print(r in p, "{{" in p)
```

ಇಲ್ಲಿ `normalize` ಶೋಕಿಗಲ್ಲ. ‘ಹೇ’ಯ ದೀರ್ಘವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಎರಡು ತುಂಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಸ್ಟ್ರಿಂಗ್ ಹೋಲಿಕೆಗೆ ಬೇರೆ ಬೇರೆ. ಕನ್ನಡ ಪ್ರಾಂಪ್ಟ್‌ಗಳಲ್ಲಿ ಇದು ಗೊತ್ತಿಲ್ಲದೆ ‘ನಿಯಮವೇ ಇಲ್ಲ’ ಎಂದು ತೀರ್ಮಾನಿಸಿಬಿಡುವವರಿದ್ದಾರೆ. ಎರಡನೆಯ ಉತ್ತರ `True` ಬಂದರೆ ಯಾವುದೋ ವೇರಿಯಬಲ್ ತುಂಬದೆ ಹಾಗೇ ಉಳಿದಿದೆ ಎಂದು ಅನುಮಾನಿಸಿ. ಜೊತೆಗೆ API ಉತ್ತರದ `prompt_tokens` ನಿಮ್ಮ ಅಂದಾಜಿಗೆ ಹೊಂದುತ್ತದೆಯೇ ನೋಡಿ. ನಮ್ಮದೇ ಸರ್ವರ್‌ನಲ್ಲಿ Ollama ಮೂಲಕ ಓಡಿಸುವ ಮಾದರಿಗಳಿಗೆ ಟೋಕನ್ ಮಿತಿ `num_ctx` ಚಿಕ್ಕದಾಗಿಟ್ಟಿದ್ದರೆ ಹೆಚ್ಚಾದ ಪಠ್ಯ ಸದ್ದಿಲ್ಲದೆ ಕತ್ತರಿಸಿ ಹೋಗಬಹುದು. ಅನೇಕ ಟೋಕನೈಜರ್‌ಗಳಲ್ಲಿ ಕನ್ನಡಕ್ಕೆ ಇಂಗ್ಲಿಷ್‌ಗಿಂತ ಬಹಳ ಹೆಚ್ಚು ಟೋಕನ್ ಬೀಳುವುದರಿಂದ ಈ ಮಿತಿ ಎಣಿಸಿದ್ದಕ್ಕಿಂತ ಬೇಗ ಎದುರಾಗುತ್ತದೆ.

ನಿಯಮ ತಲುಪುತ್ತಿದೆ ಎಂದಾದರೆ ಅಳತೆ ಶುರು. ರಿಫಂಡ್ ಕೇಳುವ 20 ಪ್ರಶ್ನೆ ಬರೆಯಿರಿ. ಒಂದೇ ಪ್ರಶ್ನೆಯನ್ನು 20 ಸಲ ಕೇಳಿದರೆ ಸಾಲದು, ಜನ ಕೇಳುವಂತೆ ಬರೆಯಿರಿ: ‘ಕ್ಯಾನ್ಸಲ್ ಮಾಡಿದ್ರೆ ಎಷ್ಟು ಬರುತ್ತೆ’, ‘800 ಕೊಟ್ಟಿದ್ದೆ, ಎಷ್ಟು ವಾಪಸ್’, ‘ದುಡ್ಡು ಪೂರ್ತಿ ಹೋಯ್ತಾ’. ಮಾದರಿಯ ಆವೃತ್ತಿ, ಟೆಂಪರೇಚರ್ ಎರಡನ್ನೂ ಬದಲಿಸದೆ ನಾಲ್ಕು ಪ್ರಾಂಪ್ಟ್‌ಗಳ ಮೇಲೆ ಓಡಿಸಿ. ಮೊದಲನೆಯದು ಈಗಿರುವಂತೆ. ಎರಡನೆಯದರಲ್ಲಿ ನಿಯಮ ಕೊನೆಗೆ. ಮೂರನೆಯದರಲ್ಲಿ ಆ ನಿಯಮ ಮತ್ತು ಕಡಿತದ ಪಟ್ಟಿ ಮಾತ್ರ. ನಾಲ್ಕನೆಯದರಲ್ಲಿ ನಿಯಮವೂ ಕಡಿತದ ಪಟ್ಟಿಯೂ ತಮ್ಮ ಜಾಗದಲ್ಲೇ ಇರುತ್ತವೆ, ಸುತ್ತಲಿನ ಉಳಿದ ಪಠ್ಯ ತೆಗೆದು ಅಷ್ಟೇ ಉದ್ದದ ನಿರುಪದ್ರವಿ ಪಠ್ಯ ತುಂಬಿ.

ಈ ನಾಲ್ಕನೆಯದನ್ನೇ ಜನ ಬಿಟ್ಟುಬಿಡುವುದು, ಉತ್ತರ ಇರುವುದೂ ಅಲ್ಲೇ. ತುಂಬುವ ಪಠ್ಯದಲ್ಲಿ ಆದೇಶ ಇರಬಾರದು, ಹಣದ ಮಾತೂ ಇರಬಾರದು. ಭಾಷೆ, ಶೈಲಿ ಮಾತ್ರ ಮೂಲದಂತೇ ಇರಲಿ. ಬಸ್ ನಿಲ್ದಾಣಗಳ ವಿವರಣೆ, ಸೀಟುಗಳ ಬಗೆ, ಮಾರ್ಗದ ಊರುಗಳು ಸಾಕು. ಅರ್ಥವಿಲ್ಲದ ಅಕ್ಷರ ತುಂಬಿದರೆ ಮಾದರಿ ಅದನ್ನು ಸುಲಭವಾಗಿ ಬದಿಗೆ ಸರಿಸಬಹುದು, ಪರೀಕ್ಷೆ ಸುಳ್ಳಾಗುತ್ತದೆ.

ನಿಯಮ ಪಾಲನೆ 20ರಲ್ಲಿ ಹೀಗೆ ಬಂತು ಅನ್ನಿ: ಇದ್ದಂತೆ 7, ಕೊನೆಗಿಟ್ಟಾಗ 11, ನಿಯಮ ಮಾತ್ರ ಇದ್ದಾಗ 20, ನಿರುಪದ್ರವಿ ಪಠ್ಯದ ನಡುವೆ 18. ಕೊನೆಯ ಅಂಕಿ ನೋಡಿ. ನಿಯಮ ಅದೇ ಮಧ್ಯದಲ್ಲಿದೆ, ಉದ್ದ ಅಷ್ಟೇ ಇದೆ, ಆದರೂ ಪಾಲನೆಯಾಗುತ್ತಿದೆ. ಅಲ್ಲಿಗೆ ಮುಖ್ಯ ತಪ್ಪು ಜಾಗದ್ದೂ ಅಲ್ಲ, ಉದ್ದದ್ದೂ ಅಲ್ಲ. ಸುತ್ತಲಿನ ಪಠ್ಯದಲ್ಲೇನೋ ನಿಯಮಕ್ಕೆ ಎದುರಾಡುತ್ತಿದೆ. ಇದೇ ಅಂಕಿ 8 ಬಂದಿದ್ದರೆ ಜಾಗದ ಮೇಲೆ ಅನುಮಾನ ಪಡುವುದು ಸರಿ. ಮೂರನೆಯದರಲ್ಲೇ 12 ಬಂದಿದ್ದರೆ ಪ್ರಾಂಪ್ಟ್‌ನ ಉದ್ದಕ್ಕೂ ಇದಕ್ಕೂ ಸಂಬಂಧವಿಲ್ಲ, ನಿಯಮದ ವಾಕ್ಯವನ್ನೇ ತಿದ್ದಬೇಕು.

7ರಿಂದ 11ಕ್ಕೆ ಏರಿದ್ದನ್ನು ಕಂಡು ಹಿಗ್ಗಬೇಡಿ. 20 ಸಲದ ಎಣಿಕೆಯಲ್ಲಿ ಐದಾರರವರೆಗಿನ ವ್ಯತ್ಯಾಸ ಬರೀ ಆಕಸ್ಮಿಕವಾಗಿಯೂ ಬರುತ್ತದೆ. ‘ಕೊನೆಗೆ ಹಾಕಿದೆ, ಸರಿಹೋಯ್ತು’ ಎಂಬ ಎಷ್ಟೋ ತೀರ್ಪುಗಳ ಹಿಂದೆ ಇರುವುದು ಇಷ್ಟೇ.

ಎದುರಾಡುವವನನ್ನು ಹಿಡಿಯಲು ಅರ್ಧರ್ಧ ಮಾಡುತ್ತ ಹೋಗಿ. ಮೂಲ ಪ್ರಾಂಪ್ಟ್‌ನ ಮೊದಲರ್ಧಕ್ಕೆ ಮಾತ್ರ ನಿರುಪದ್ರವಿ ಪಠ್ಯ ಹಾಕಿದಾಗ 8, ಎರಡನೆಯ ಅರ್ಧಕ್ಕೆ ಹಾಕಿದಾಗ 17 ಬಂದರೆ ಕಳ್ಳ ಎರಡನೆಯ ಅರ್ಧದಲ್ಲಿದ್ದಾನೆ. ಅದನ್ನು ಮತ್ತೆ ಒಡೆಯಿರಿ. ನಾಲ್ಕೈದು ಸುತ್ತಿನಲ್ಲಿ ಒಂದೆರಡು ಪ್ಯಾರಾಕ್ಕೆ ಇಳಿಯುತ್ತೀರಿ. ನಮ್ಮ ಉದಾಹರಣೆಯಲ್ಲಿ ಕೊನೆಗೆ ಸಿಕ್ಕಿದ್ದು ‘ಹೀಗೆ ಉತ್ತರಿಸು’ ಎಂಬ ತಲೆಬರಹದಡಿಯ ನಮೂನೆ ಸಂಭಾಷಣೆ: ‘ಸರ್, 20% ಕಡಿತವಾಗಿ ನಿಮಗೆ ₹640 ವಾಪಸ್ ಬರುತ್ತದೆ.’ ಸೌಜನ್ಯದ ಧಾಟಿ ತೋರಿಸಲೆಂದು ಯಾರೋ ಹಿಂದೆ ಬರೆದದ್ದು. ನಿಯಮ ಆಮೇಲೆ ಬಂತು, ಉದಾಹರಣೆಯನ್ನು ಯಾರೂ ಮುಟ್ಟಲಿಲ್ಲ. ಆದೇಶವೊಂದು ಹೇಳಿ ಉದಾಹರಣೆ ಇನ್ನೊಂದು ತೋರಿಸಿದರೆ ಮಾದರಿ ಹೆಚ್ಚಾಗಿ ಉದಾಹರಣೆಯ ಹಿಂದೆ ಹೋಗುತ್ತದೆ. ಹಳೆಯ, ಉದ್ದದ ಪ್ರಾಂಪ್ಟ್‌ಗಳಲ್ಲಿ ನಾವು ಮೊದಲು ತಡಕಬೇಕಾದ್ದು ಇದನ್ನೇ.

ಬಾಟ್‌ಗೇ ‘ನಿಯಮ ಯಾಕೆ ಮುರಿದೆ’ ಎಂದು ಕೇಳಿ ಕಾರಣ ತಿಳಿಯಲು ಹೊರಡಬೇಡಿ. ಅದು ಕೊಡುವ ಕಾರಣ ಆಗ ಹೆಣೆದದ್ದು. ‘ರಿಫಂಡ್ ಮೊತ್ತದ ಬಗ್ಗೆ ನಿಯಮವೇನು’ ಎಂದು ಹೊಸ ಸಂಭಾಷಣೆಯಲ್ಲಿ ಕೇಳುವುದರಿಂದ ಒಂದು ಉಪಯೋಗ ಮಾತ್ರ ಇದೆ. ಸರಿಯಾಗಿ ಹೇಳಿದರೆ ಆ ಸಾಲು ಅದಕ್ಕೆ ಎಟುಕುತ್ತಿದೆ ಎಂದಾಯಿತು, ಪಾಲಿಸುತ್ತದೆ ಎಂದಲ್ಲ.

ಇನ್ನು ದುರಸ್ತಿ. ಉದಾಹರಣೆಯಲ್ಲಿ ₹640 ತೆಗೆದು ಪುಟದ ಹೆಸರು ಹಾಕಿ. ನಿಯಮವನ್ನು ‘ಇತರ ಸೂಚನೆಗಳು’ ಎಂಬ ಗಂಟಿನಿಂದ ಬಿಡಿಸಿ, ರದ್ದತಿ ಕಡಿತದ ಪಟ್ಟಿಯ ಪಕ್ಕಕ್ಕೆ ಒಯ್ಯಿರಿ. ಆಮೇಲೆ ಅದೇ 20 ಪ್ರಶ್ನೆ ಮತ್ತೆ ಓಡಿಸಿ, ಈ ಸಲ ಹತ್ತು ಸರದಿ ಮಾತಾಡಿದ ಸಂಭಾಷಣೆಯ ಕೊನೆಯಲ್ಲೂ ಕೇಳಿ. ಒಮ್ಮೆ ಮೊತ್ತ ಹೇಳಿಬಿಟ್ಟ ಬಾಟ್‌ಗೆ ಮುಂದಿನ ಸರದಿಯಲ್ಲಿ ತನ್ನದೇ ಹಳೆಯ ಉತ್ತರ ಉದಾಹರಣೆಯಾಗಿ ನಿಲ್ಲುತ್ತದೆ.

ಇಷ್ಟಾದರೂ 20ಕ್ಕೆ 19 ಬರಬಹುದು. ಹಣದ ವಿಷಯದಲ್ಲಿ ಅದು ಸಾಲದು, ಉಳಿದದ್ದನ್ನು ಪ್ರಾಂಪ್ಟ್‌ನಿಂದ ಹಿಂಡಲು ಹೋಗದೆ ಉತ್ತರ ಹೊರಬೀಳುವ ಮೊದಲು ಕೋಡ್‌ನಲ್ಲೇ ತಡೆಯಿರಿ:

```
(₹|ರೂ\.?)\s*[0-9೦-೯]+|[0-9೦-೯]+\s*(ರೂ|/-)
```

ಇದು ₹640, ‘ರೂ. ೬೪೦’, ‘640 ರೂಪಾಯಿ’ ಎಲ್ಲವನ್ನೂ ಹಿಡಿಯುತ್ತದೆ. ‘ಆರುನೂರ ನಲವತ್ತು’ ಎಂದು ಅಕ್ಷರದಲ್ಲಿ ಬರೆದರೆ ತಪ್ಪಿಸಿಕೊಳ್ಳುತ್ತದೆ, ಆ ನಮೂನೆಯ ಎರಡು ಪ್ರಶ್ನೆಗಳನ್ನೂ ಪಟ್ಟಿಗೆ ಸೇರಿಸಿಡಿ.